ನನ್ನ ಕಾಲೇ ಚಾಡಿ ಹೇಳುತ್ತಿತ್ತು

ಡೊಂಬಿವಲಿಯಲ್ಲಿ ನಮ್ಮದೊಂದು ಭಾನುವಾರದ ವಾಲಿಬಾಲ್ ಗುಂಪಿದೆ. ಊರಲ್ಲಿ ರಾತ್ರಿ ಟೂರ್ನಮೆಂಟ್ ಆಡಿ ಬಂದ ನಾನು ನೆಟ್‌ನ ಎಡತುದಿಯ ಸ್ಮ್ಯಾಶರ್. ಎದುರಿನ ತಂಡಕ್ಕೆ ಒಬ್ಬ ಎತ್ತರದ ಮಲಯಾಳಿ ಬಂದ ಮೇಲೆ ನನ್ನ ಹೊಡೆತಗಳೆಲ್ಲ ಅವನ ಅಂಗೈಗೆ ಬಡಿದು ನನ್ನ ಕಾಲ ಬುಡಕ್ಕೇ ಬೀಳತೊಡಗಿದವು. ಮೂರು ವಾರ ಹೀಗೇ ಆಯಿತು. ನಾಲ್ಕನೇ ವಾರ ನನ್ನನ್ನು ಹಿಂದಿನ ಸಾಲಿಗೆ ಕಳಿಸಿದರು.

ಚಹಾ ಕುಡಿಯುವಾಗ ಅವನನ್ನೇ ಕೇಳಿದೆ. "ಲಿಫ್ಟರ್ ಕೈಯಿಂದ ಬಾಲ್ ಹೊರಟ ಮೇಲೆ ನಾನು ಬಾಲ್ ನೋಡೋದಿಲ್ಲ. ನಿನ್ನ ಕಾಲು ನೋಡ್ತೇನೆ," ಎಂದ.

ಬಾಲ್ ಎಲ್ಲಿಗೆ ಬೀಳುತ್ತದೆಂದು ಅಂದಾಜಾದ ಕೂಡಲೇ ಒಳ್ಳೆಯ ಬ್ಲಾಕರ್ ಕಣ್ಣನ್ನು ಹೊಡೆಯುವವನ ಕಡೆ ತಿರುಗಿಸುತ್ತಾನೆ. ನಾನು ಕ್ರಾಸ್ ಹೊಡೆಯುವಾಗ ಪಕ್ಕದ ಗೆರೆಯ ಹೊರಗಿನಿಂದ ಓರೆಯಾಗಿ ಓಡಿ ಬರುತ್ತಿದ್ದೆ. ಲೈನ್ ಹೊಡೆಯುವಾಗ ಗೆರೆಯ ಒಳಗಿನಿಂದ ನೇರ ಓಡುತ್ತಿದ್ದೆ. ಹಾಗಾಗಿ ನಾನು ಹಾರುವ ಮೊದಲೇ ಅವನ ಕೈ ಎಲ್ಲಿರಬೇಕೆಂದು ತೀರ್ಮಾನವಾಗಿಬಿಡುತ್ತಿತ್ತು.

ಬಲಗೈಯವನ ಓಟದ ಕೊನೆಯ ಮೂರು ಹೆಜ್ಜೆ ಎಡ, ಬಲ, ಎಡ. ಮೊದಲನೆಯದು ನಿಧಾನ. ಎರಡನೆಯದು ಉದ್ದ, ಹಿಮ್ಮಡಿ ಊರುವಾಗ ಎರಡೂ ಕೈ ಹಿಂದಕ್ಕೆ ಬೀಸಿರಬೇಕು. ಎಡಗಾಲು ತಕ್ಷಣ ಪಕ್ಕಕ್ಕೆ ಬಂದು, ತುಸು ಮುಂದೆ, ಬೆರಳು ಬಲಕ್ಕೆ ತಿರುಗಿ ನಿಲ್ಲಬೇಕು. ಮುಂದೆ ನುಗ್ಗುವ ವೇಗ ಮೇಲಕ್ಕೆ ತಿರುಗುವುದು ಈ ತಡೆಯಲ್ಲೇ. ಅದು ಸಡಿಲಾದರೆ ಮೈ ನೆಟ್‌ಗೆ ಹೋಗಿ ಬೀಳುತ್ತದೆ. ಆ ಎಡಪಾದ ಓರೆಯಾಗಿದ್ದರೆ ಬಲಭುಜ ಹಿಂದೆ ಉಳಿಯುತ್ತದೆ, ಎರಡೂ ದಿಕ್ಕು ಕೈಯಲ್ಲಿರುತ್ತದೆ. ಲೈನ್ ಹೊಡೆಯುವ ದಿನ ನನ್ನ ಪಾದ ನೆಟ್‌ಗೆ ನೇರವಾಗಿ ನಿಲ್ಲುತ್ತಿತ್ತು. (ಇದು ನನಗೆ ಗೊತ್ತಾದದ್ದು ಮಗಳು ಮೊಬೈಲ್‌ನಲ್ಲಿ ತೆಗೆದ ವಿಡಿಯೋದಿಂದ.)

ಹಾಗಾಗಿ ಗೆರೆಯ ಹೊರಗೆ ಒಂದು ಹೆಜ್ಜೆ ದೂರದಲ್ಲಿ, ನೆಟ್‌ನಿಂದ ಸುಮಾರು ನಾಲ್ಕು ಮೀಟರ್ ಹಿಂದೆ ಸೀಮೆಸುಣ್ಣದ ಗುರುತು ಹಾಕಿದೆ. ಯಾವ ಹೊಡೆತಕ್ಕಾದರೂ ಅಲ್ಲಿಂದಲೇ, ಅದೇ ಓರೆಯಲ್ಲಿ ಓಟ. ದಿಕ್ಕು ಬದಲಾಗುವುದು ಗಾಳಿಯಲ್ಲಿ ಮಾತ್ರ: ಕ್ರಾಸ್‌ಗೆ ಮೈ ತಿರುಗಿದ ಕಡೆಗೇ ಬೀಸು, ಲೈನ್‌ಗೆ ಕೊನೆಗಳಿಗೆಯಲ್ಲಿ ಭುಜ ಹೊರಳಿಸಿ ಬಾಲ್‌ನ ಬಲಮಗ್ಗುಲಿಗೆ ಏಟು. ಬಾಲ್ ಬಲಭುಜದ ಮುಂದೆ ಇದ್ದರಷ್ಟೇ ಇದು ಸಾಧ್ಯ. ಲಿಫ್ಟ್ ಕೆಟ್ಟು ಬಾಲ್ ತಲೆಯ ಹಿಂದೆ ಹೋದರೆ ಯಾವ ಗುರುತೂ ಕಾಪಾಡುವುದಿಲ್ಲ.

ಎರಡು ತಿಂಗಳ ನಂತರ, 22-22 ಇದ್ದಾಗ, ಅದೇ ಓಟ ಓಡಿದೆ. ಅವನು ಕ್ರಾಸ್ ಕಡೆ ಕೈ ಚಾಚಿ ಹಾರಿದ. ಒಮ್ಮೆ ನೆಲ ಬಿಟ್ಟವನು ಕೈಯನ್ನಷ್ಟೇ ಅತ್ತಿತ್ತ ಸರಿಸಬಲ್ಲ, ಮೈಯನ್ನಲ್ಲ. ಬಾಲ್ ಗೆರೆಯ ಗುಂಟ ಹೋಗಿ ಬಿತ್ತು.

ಮುಂದಿನ ಪಾಯಿಂಟ್‌ನಲ್ಲಿ ಮೆಲ್ಲಗೆ ಬ್ಲಾಕ್ ಮೇಲಿಂದ ದಾಟಿಸಲು ಹೋದೆ. ಅವನು ಹಾರಲೇ ಇಲ್ಲ, ಹಿಂದೆ ಸರಿದು ಆರಾಮಾಗಿ ಎತ್ತಿದ. ಜೋರಾಗಿ ಹೊಡೆಯುವಾಗ ನನ್ನ ಬಲ ಮೊಣಕೈ ಕಿವಿಯ ಮಟ್ಟಕ್ಕೆ ಹಿಂದಕ್ಕೆ ಹೋಗುತ್ತದಂತೆ. ಆ ಸಲ ಹೋಗಿರಲಿಲ್ಲ.

"ಕಾಲು ಈಗ ಏನೂ ಹೇಳೋದಿಲ್ಲ," ಎಂದ ನಗುತ್ತಾ, "ಕೈ ಇನ್ನೂ ಹೇಳ್ತದೆ."