ಗೆಳತಿ ಕ್ಯಾಲಿಫೋರ್ನಿಯಾದಲ್ಲಿ, ಶುಭಾಶಯ ಯಾವ ತಾರೀಖಿಗೆ?

ತಪ್ಪು ಕಲ್ಪನೆ: ಇಲ್ಲಿ ರಾತ್ರಿ ಹನ್ನೆರಡಾದ ಕೂಡಲೇ ಕಳಿಸಿದರೆ ಮೊದಲ ಶುಭಾಶಯ ನಮ್ಮದೇ.

ಸತ್ಯ: ಗೆಳತಿ ಇರುವುದು ಸ್ಯಾನ್ ಹೋಸೆಯಲ್ಲಿ, ಹುಟ್ಟುಹಬ್ಬ ಜುಲೈ 15ಕ್ಕೆ ಎಂದುಕೊಳ್ಳಿ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಬೆಂಗಳೂರಿನಲ್ಲಿ 15ನೇ ತಾರೀಖು ಹುಟ್ಟುವಾಗ ಅಲ್ಲಿ 14ರ ಬೆಳಿಗ್ಗೆ ಹನ್ನೊಂದೂವರೆ. ವಾಟ್ಸ್ಆ್ಯಪ್ ಸಂದೇಶದ ಸಮಯವನ್ನು ಅವಳ ಫೋನು ಅಲ್ಲಿನ ಲೆಕ್ಕದಲ್ಲೇ ತೋರಿಸುವುದರಿಂದ, ನಿಮ್ಮ ಶುಭಾಶಯ ಹಿಂದಿನ ದಿನವೇ ಬಂದಂತೆ ಕಾಣುತ್ತದೆ. ಅವಳ ಹುಟ್ಟುಹಬ್ಬ ಶುರುವಾಗುವುದು ನಮ್ಮ 15ರ ಮಧ್ಯಾಹ್ನ ಹನ್ನೆರಡೂವರೆಗೆ.

ತಪ್ಪು ಕಲ್ಪನೆ: ಅಮೆರಿಕ ಒಂದು ದಿನ ಹಿಂದೆ, ಆದ್ದರಿಂದ ಒಂದು ದಿನ ಮುಂಚೆ ಕಳಿಸಬೇಕು.

ಸತ್ಯ: ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಅವರ ಗಡಿಯಾರ ಹಿಂದಿದೆ ಎಂದರೆ ನಾವು ಕಾಯಬೇಕು, ಅವಸರಪಡಬಾರದು. ಇದರಿಂದ ಒಂದು ಲಾಭವೂ ಇದೆ. 15ರಂದು ಮರೆತೇ ಹೋಯಿತು ಎಂದು 16ರ ಬೆಳಿಗ್ಗೆ ಎದ್ದು ಕೈಕೈ ಹಿಸುಕಿಕೊಳ್ಳಬೇಕಾಗಿಲ್ಲ. ಇಲ್ಲಿ 16ರ ಬೆಳಿಗ್ಗೆ ಏಳೂವರೆ ಆಗಿದ್ದಾಗ ಅಲ್ಲಿ 15ರ ಸಂಜೆ ಏಳು. ಬಹುಶಃ ಕೇಕ್ ಇನ್ನೂ ಕತ್ತರಿಸಿರುವುದಿಲ್ಲ, ಫೋನ್ ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಮ್ಮ 16ರ ಮಧ್ಯಾಹ್ನ ಹನ್ನೆರಡೂವರೆಗೆ ಅವಳ ದಿನ ಮುಗಿಯುತ್ತದೆ.

ಒಂದು ದಿನ ಮುಂಚೆ ಎಂಬ ಮಾತು ನಿಜವಾಗುವುದು ಪೂರ್ವದ ಊರುಗಳಿಗೆ. ಜುಲೈನಲ್ಲಿ ಸಿಡ್ನಿ ನಮಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಲ್ಲಿ 15 ಶುರುವಾಗುವುದು ನಮ್ಮ 14ರ ಸಂಜೆ ಏಳೂವರೆಗೆ, ಮುಗಿಯುವುದು 15ರ ಸಂಜೆ ಏಳೂವರೆಗೆ. ಆಫೀಸಿನಿಂದ ಬಂದು ಊಟ ಮುಗಿಸಿ ನಿಧಾನವಾಗಿ ಕಳಿಸಿದರೆ ಹುಟ್ಟುಹಬ್ಬ ಕಳೆದೇ ಹೋಗಿರುತ್ತದೆ.

ತಪ್ಪು ಕಲ್ಪನೆ: ಒಮ್ಮೆ ಲೆಕ್ಕ ಹಾಕಿಟ್ಟರೆ ವರ್ಷವಿಡೀ ಸಾಕು.

ಸತ್ಯ: ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ಹಾಗಾಗಿ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿನ ದಿನ ಶುರುವಾಗುವುದು ನಮ್ಮ ಮಧ್ಯಾಹ್ನ ಒಂದೂವರೆಗೆ. ಸಿಡ್ನಿಯಲ್ಲಿ ಋತು ತಿರುಗುಮುರುಗು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಅಂತರ ಐದೂವರೆ ಗಂಟೆಗೆ ಏರುತ್ತದೆ.

ಗಂಟೆ ಎಣಿಸುವುದು ಬೇಸರವೆನಿಸಿದರೆ ಫೋನಿನ ಗಡಿಯಾರದಲ್ಲಿ ಅವರ ಊರನ್ನು ಸೇರಿಸಿಕೊಳ್ಳಿ. ದೇಶದ ಹೆಸರು ಸಾಲದು, ಊರೇ ಬೇಕು: ಒಂದೇ ಅಮೆರಿಕದಲ್ಲಿ ನ್ಯೂಯಾರ್ಕ್ ಮತ್ತು ಸ್ಯಾನ್ ಹೋಸೆ ನಡುವೆ ಮೂರು ಗಂಟೆ ವ್ಯತ್ಯಾಸ. ಕ್ಯಾಲಿಫೋರ್ನಿಯಾದ ಗೆಳತಿಗಾದರೆ ಹುಟ್ಟುಹಬ್ಬದ ತಾರೀಖಿನಂದೇ, ನಮ್ಮ ರಾತ್ರಿ ಒಂಬತ್ತೂವರೆಗೆ ಕಳಿಸಿ. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ ಒಂಬತ್ತು, ಚಳಿಗಾಲದಲ್ಲಿ ಎಂಟು. ಎರಡರಲ್ಲೂ ತಾರೀಖು ತಪ್ಪುವುದಿಲ್ಲ.