ಏಳು ಸೆಕೆಂಡಿಗೆ ಇಪ್ಪತ್ತು ಪದ

ತುರ್ವಿಹಾಳದ ಓದುಗರೊಬ್ಬರ ಪ್ರಶ್ನೆ: "ಬಿ.ಕಾಂ. ಮುಗಿಸಿದ ಮಗ ಸಿಂಧನೂರಿನ ರೈಸ್ ಮಿಲ್ಲುಗಳಿಗೆ ಅರ್ಜಿ ಹಾಕ್ಯಾನ. ಕೆಲಸ ಕೊಡೋರು ಆರೇ ಸೆಕೆಂಡ್ ನೋಡಿ ಬದಿಗಿಡ್ತಾರಂತ. ಖರೇ ಏನ್ರಿ?"

ಅರ್ಧ ಖರೆ. ಈ 'ಆರು ಸೆಕೆಂಡ್' ಬಂದದ್ದು ಅಮೆರಿಕದ 'ದಿ ಲ್ಯಾಡರ್ಸ್' ಎಂಬ ಉದ್ಯೋಗ ಕಂಪನಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ನೇಮಕಾತಿಯಲ್ಲಿ ಪಳಗಿದ 30 ಮಂದಿಯ ಕಣ್ಣಿನ ಚಲನೆಯನ್ನು ಕ್ಯಾಮೆರಾದಿಂದ ಹಿಂಬಾಲಿಸಿದ್ದರು. 2018ರಲ್ಲಿ ಅದೇ ಕಂಪನಿ ಆ ಲೆಕ್ಕವನ್ನು 7.4 ಸೆಕೆಂಡಿಗೆ ಏರಿಸಿತು. ಈ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಕಿಲ್ಲ. ಜನ ಬರೇ 30, ನೋಡಿದ್ದು ಪತ್ರವನ್ನಲ್ಲ, ಬಯೋಡೇಟಾವನ್ನು. ಮೇಲಾಗಿ ಆ ಕಂಪನಿಗೆ ಬಯೋಡೇಟಾ ತಿದ್ದಿಕೊಡುವ ವ್ಯಾಪಾರವೂ ಇತ್ತು. ಆ ಸೆಕೆಂಡುಗಳು ಮೊದಲ ಸುತ್ತಿನ ಜರಡಿಗೆ ಮಾತ್ರ ಸಂಬಂಧಿಸಿದವು. ಜರಡಿಯಲ್ಲಿ ಉಳಿದ ಕಾಗದವನ್ನು ಯಾರಾದರೂ ಸಾವಧಾನವಾಗಿ ಓದಿಯೇ ಓದುತ್ತಾರೆ.

ಅಂಕಿ ಸಡಿಲವಾದರೂ ಅದರ ಹಿಂದಿರುವ ಕಣ್ಣಿನ ವಿಜ್ಞಾನ ಗಟ್ಟಿ. 19ನೇ ಶತಮಾನದ ಕೊನೆಗೆ ಪ್ಯಾರಿಸ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಅವರ ಸಹೋದ್ಯೋಗಿ ಲಾಮಾರ್, ಓದುವವರ ರೆಪ್ಪೆಗೆ ಒಂದು ಸಾಧನ ತಾಗಿಸಿ, ಕಣ್ಣಿನ ಪ್ರತಿ ಚಲನೆಯ ಸದ್ದನ್ನು ಕಿವಿಯಿಂದಲೇ ಎಣಿಸಿದರು. ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ, ಜಿಗಿಯುತ್ತದೆ. ನಾಟಿ ಗದ್ದೆಯ ಬೆಳ್ಳಕ್ಕಿಯನ್ನು ನೆನೆಯಿರಿ: ನಾಲ್ಕು ಹೆಜ್ಜೆ ಸರಸರ ನಡೆದು ನಿಲ್ಲುತ್ತದೆ, ಕುಕ್ಕುತ್ತದೆ, ಮತ್ತೆ ನಡೆಯುತ್ತದೆ. ಹುಳು ಸಿಗುವುದು ನಿಂತಾಗ. ನಡೆದು ದಾಟಿದ ಜಾಗದಲ್ಲಿ ಎಷ್ಟು ಹುಳುವಿದ್ದರೂ ಅದಕ್ಕೆ ಲೆಕ್ಕವಿಲ್ಲ. ಕಣ್ಣೂ ಹಾಗೆಯೇ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡ್. ಜಿಗಿಯುವಾಗ ಅಕ್ಷರ ಕಾಣುವುದಿಲ್ಲ. ನಿಂತಲ್ಲಿಯೂ ಸ್ಪಷ್ಟವಾಗಿ ಕಾಣುವುದು ಒಂದೆರಡು ಪದ ಅಷ್ಟೆ.

ಏಳು ಸೆಕೆಂಡಿಗೆ ಹೆಚ್ಚೆಂದರೆ ಮೂವತ್ತು ನಿಲುಗಡೆ. ನಮ್ಮಂತೆಯೇ ವಿಭಕ್ತಿ ಅಂಟಿಸಿ ಉದ್ದುದ್ದ ಪದ ಕಟ್ಟುವ ಫಿನ್ನಿಷ್ ಭಾಷೆಯವರು ನಿಮಿಷಕ್ಕೆ ಸುಮಾರು 160 ಪದ ಓದುತ್ತಾರೆ. ಕನ್ನಡಕ್ಕೂ ಅದೇ ಅಂದಾಜು ಹಿಡಿದರೆ ಏಳು ಸೆಕೆಂಡಿಗೆ ಇಪ್ಪತ್ತರ ಆಸುಪಾಸು ಪದ, ಅಂದರೆ ಎರಡು ಮೂರು ಸಾಲು.

ಈಗ ಶಾಲೆಯಲ್ಲಿ ಕಲಿಸಿದ ಅರ್ಜಿಯ ಮೊದಲ ಸಾಲುಗಳನ್ನು ನೋಡಿ: "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ, ನಾನು ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಖಾಯಂ ನಿವಾಸಿಯಾಗಿದ್ದು, ಬಡ ರೈತ ಕುಟುಂಬದಿಂದ ಬಂದವನಾಗಿದ್ದು..." ಹತ್ತೊಂಬತ್ತು ಪದ ಖರ್ಚಾದವು. ಹುಡುಗನಿಗೆ ಏನು ಬರುತ್ತದೆ ಎಂಬುದು ಇನ್ನೂ ಬಂದಿಲ್ಲ. ಇ-ಮೇಲಿನಲ್ಲಿ ಕಳಿಸಿದರೆ ಇನ್ನೂ ಕಷ್ಟ: ಫೋನಿನ ಪಟ್ಟಿಯಲ್ಲಿ ವಿಷಯದ ಜೊತೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ.

ರಾಶಿ ಅರ್ಜಿ ಮುಂದಿಟ್ಟುಕೊಂಡವರು ಮೊದಲ ಸುತ್ತಿನಲ್ಲಿ ಆರಿಸುವುದಿಲ್ಲ, ತೆಗೆದುಹಾಕುತ್ತಾರೆ. ಅವರ ಕಣ್ಣು ಹುಡುಕುವುದು ಮೂರು ಉತ್ತರ: ಯಾವ ಕೆಲಸಕ್ಕೆ, ಅದಕ್ಕೆ ಬೇಕಾದದ್ದು ಇವನಲ್ಲಿದೆಯೇ? ಮಾಡಿದ್ದಕ್ಕೆ ಗುರುತೇನು? ಯಾವಾಗ, ಎಲ್ಲಿಂದ ಬರುತ್ತಾನೆ? ಒಂದೊಂದಕ್ಕೆ ಒಂದು ಸಾಲು ಸಾಕು. ಎರಡು ವರ್ಷ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆದ ಹುಡುಗನೆಂದುಕೊಳ್ಳಿ:

"ನಿಮ್ಮ ಮಿಲ್ಲಿನ ಅಕೌಂಟೆಂಟ್ ಕೆಲಸಕ್ಕೆ ಈ ಅರ್ಜಿ. ಬಿ.ಕಾಂ., ಟ್ಯಾಲಿಯಲ್ಲಿ 2 ವರ್ಷದ ಅನುಭವ.
ಗೊಬ್ಬರದ ಅಂಗಡಿಯೊಂದರಲ್ಲಿ ದಿನಕ್ಕೆ 40 ಬಿಲ್ಲು, ತಿಂಗಳ ಜಿಎಸ್‌ಟಿ ರಿಟರ್ನ್ ನಾನೇ ಮಾಡುತ್ತಿದ್ದೆ.
ತುರ್ವಿಹಾಳದಲ್ಲಿದ್ದೇನೆ; ಒಂದನೇ ತಾರೀಖಿನಿಂದ ಬರಬಲ್ಲೆ."

'40' ಎಂದು ಅಂಕಿಯಲ್ಲೇ ಬರೆದದ್ದಕ್ಕೆ ಕಾರಣವಿದೆ. ಅಕ್ಷರಗಳ ನಡುವಿನ ಅಂಕಿಯ ಮೇಲೆ ಓಡುವ ಕಣ್ಣು ನಿಲ್ಲುತ್ತದೆ ಎಂಬುದನ್ನು ಜಾಲತಾಣ ಓದುವವರ ಅಧ್ಯಯನದಲ್ಲಿ ಜೇಕಬ್ ನೀಲ್ಸನ್ ಕಂಡುಕೊಂಡಿದ್ದರು. 'ಶ್ರಮಜೀವಿ, ಪ್ರಾಮಾಣಿಕ' ಎಂಬ ಮಾತು ಎಲ್ಲರ ಅರ್ಜಿಯಲ್ಲೂ ಇರುವುದರಿಂದ ಜರಡಿಗೆ ಅದರಿಂದ ಉಪಯೋಗವಿಲ್ಲ. ಇನ್ನು ಮೂರನೇ ಸಾಲು: ಭತ್ತದ ಸುಗ್ಗಿ ಎದುರಿಗಿರುವ ಮಿಲ್ ಮಾಲೀಕರಿಗೆ ಪದವಿಯಷ್ಟೇ ಮುಖ್ಯವಾದದ್ದು ಆ ತಾರೀಖು. ವಾಕ್ಯಗಳು ಗಿಡ್ಡ ಇರಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಆಗಿದ್ದು, ಆಗಿದ್ದು' ಎಂದು ಎಳೆದರೆ ಅಲ್ಲಿಯವರೆಗೆ ಕಣ್ಣು ಕಾಯುವುದಿಲ್ಲ.

ಸರ್ಕಾರಿ ನೇಮಕಾತಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ನಿರ್ಧಾರ ಆಗುವುದು ಅಂಕ, ಮೀಸಲಾತಿ, 371(ಜೆ) ಪ್ರಮಾಣಪತ್ರಗಳಿಂದ. ಖಾಸಗಿ ಕೆಲಸಕ್ಕಾದರೆ ಕಳಿಸುವ ಮುನ್ನ ಮಗನಿಗೆ ಒಂದು ಪರೀಕ್ಷೆ ಮಾಡಲು ಹೇಳಿ. ಅವನ ಕೆಲಸದ ಬಗ್ಗೆ ಗೊತ್ತಿಲ್ಲದ ಯಾರಿಗಾದರೂ ಕಾಗದ ಕೊಟ್ಟು, ಏಳು ಎಣಿಸಿ ವಾಪಸ್ ಪಡೆದು, ಮೇಲಿನ ಮೂರು ಪ್ರಶ್ನೆ ಕೇಳಲಿ. ಯಾವುದಕ್ಕೆ ಉತ್ತರ ಬರಲಿಲ್ಲವೋ ಆ ಸಾಲು ತಿದ್ದಬೇಕು. ತಿದ್ದಿದ ಮೇಲೆ ಅದೇ ಮನುಷ್ಯನಿಗೆ ಮತ್ತೆ ತೋರಿಸಬಾರದು, ಅವರಿಗೆ ಉತ್ತರ ಆಗಲೇ ಗೊತ್ತಾಗಿರುತ್ತದೆ.