ಕಳೆದ ರಿಸೀವರ್‌, ಮೂಕ ಹೆಡ್‌ಸೆಟ್‌

ವೈರ್‌ಲೆಸ್ ಹೆಡ್‌ಸೆಟ್ ಮಾತು ನಿಲ್ಲಿಸಿದರೆ ಮೊದಲು ನೋಡಬೇಕಾದದ್ದು ಯುಎಸ್‌ಬಿ ರಿಸೀವರನ್ನು. ಬೆರಳ ತುದಿಯಷ್ಟಿರುವ ಈ ತುಣುಕು 2.4 ಗಿಗಾಹರ್ಟ್ಸ್ ತರಂಗದಲ್ಲಿ ಹೆಡ್‌ಸೆಟ್ ಜೊತೆ ಮಾತಾಡುತ್ತದೆ. ಯುಎಸ್‌ಬಿ 3.0 ಪೋರ್ಟುಗಳೂ ಅದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸಬಲ್ಲವು. ಹಾಗಾಗಿ ರಿಸೀವರ್ ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ ಬೇರೆ ಪೋರ್ಟಿಗೆ, ಇಲ್ಲವೇ ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ಲಿಗೆ ಚುಚ್ಚಿ ನೋಡಬೇಕು.

ಕಳೆದೇ ಹೋಗಿದ್ದರೆ? ಅಂಗಡಿಯ ಅಗ್ಗದ ಬ್ಲೂಟೂತ್ ಡಾಂಗಲ್ ಇಲ್ಲಿ ನಡೆಯದು. ಇಂಥ ಹೆಡ್‌ಸೆಟ್‌ನ ಭಾಷೆ ಬ್ಲೂಟೂತ್ ಅಲ್ಲ. ಅದೇ ಮಾಡೆಲ್‌ಗೆಂದು ಮಾಡಿದ ರಿಸೀವರೇ ಬೇಕು. ಬಂದರೂ ತಾನಾಗಿ ಕೂಡುವುದಿಲ್ಲ, ಯಾಕೆಂದರೆ ಹೆಡ್‌ಸೆಟ್ ಹಳೆಯ ಜೋಡಿಯನ್ನೇ ಹುಡುಕುತ್ತಿರುತ್ತದೆ.

ಹೈಪರ್‌ಎಕ್ಸ್ ಕ್ಲೌಡ್ 2 ವೈರ್‌ಲೆಸ್‌ನ ಉದಾಹರಣೆ ನೋಡಿ. ಹೆಡ್‌ಸೆಟ್ ಆಫ್ ಇರುವಾಗ ಪವರ್ ಗುಂಡಿಯನ್ನು ಒತ್ತಿ ಹಿಡಿಯಬೇಕು. ದೀಪ ಕೆಂಪು, ಹಸಿರಾಗಿ ಬೇಗಬೇಗ ಮಿನುಗಿದರೆ ಅದು ಹೊಸ ಜೋಡಿಗೆ ಸಿದ್ಧ. ರಿಸೀವರನ್ನು ಕಂಪ್ಯೂಟರಿಗೆ ಚುಚ್ಚಿ, ಅದರ ಮೈಮೇಲಿನ ಸೂಜಿಗಣ್ಣಿನಂಥ ತೂತಿನೊಳಗೆ ಸಿಮ್ ತೆಗೆಯುವ ಪಿನ್ ತೂರಿಸಿ, ಅಲ್ಲಿಯ ದೀಪವೂ ಮಿನುಗುವವರೆಗೆ ಒತ್ತಬೇಕು. ಎರಡೂ ದೀಪ ಸ್ಥಿರವಾದರೆ ಜೋಡಿಯಾಯಿತು. ಆಮೇಲೂ ಸದ್ದಿಲ್ಲವೇ? ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಇನ್ನೂ ಹಳೆಯ ಸ್ಪೀಕರ್ ಮೇಲೇ ಇರಬಹುದು. ಮೈಕ್‌ನ ಆಯ್ಕೆಯೂ ಅಲ್ಲೇ ಇದೆ.

ಎಲ್ಲ ಕಂಪನಿಗಳೂ ರಿಸೀವರನ್ನು ಬಿಡಿಯಾಗಿ ಮಾರುವುದಿಲ್ಲ. ದುಡ್ಡು ಕೊಡುವ ಮುನ್ನ ನಿಮ್ಮ ಹೆಡ್‌ಸೆಟ್‌ನ ಪೂರ್ತಿ ಮಾಡೆಲ್ ಹೆಸರು ತಿಳಿಸಿ, ಬಿಡಿ ರಿಸೀವರ್ ಅದಕ್ಕೆ ಕೂಡುತ್ತದೆಯೇ ಎಂದು ಕಂಪನಿಯನ್ನೇ ಕೇಳಿ.